ಫೋಟೋ ಬೇಡ, ಫೈಲ್ ಕೊಡಿ

ಬೆಳೆ ಪರಿಹಾರ ಬಂತೆಂದರೆ ನಮ್ಮ ಕಡೆಯ ಊರ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ಚಿತ್ರಗಳು ಓಡಾಡುತ್ತವೆ. ಒಂದರಲ್ಲಿ ರೈತರ ಹೆಸರು, ಸರ್ವೆ ನಂಬರು, ಮೊತ್ತ ಇರುವ ಉದ್ದನೆಯ ಪಟ್ಟಿ ಇರುತ್ತದೆ. ಇನ್ನೊಂದು ತಾಲೂಕುವಾರು ಒಟ್ಟು ಮೊತ್ತ ತೋರಿಸುವ ನಾಲ್ಕೈದು ಸಾಲಿನ ಚಿಕ್ಕ ಕೋಷ್ಟಕ. ಯಾರೋ ಒಬ್ಬರು ಉದ್ದನೆಯ ಪಟ್ಟಿಯನ್ನು ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಕೂಡಿಸುತ್ತಾರೆ. ಚಿಕ್ಕ ಕೋಷ್ಟಕದ ಮೊತ್ತಕ್ಕೆ ಅದು ತಾಳೆಯಾಗುವುದಿಲ್ಲ. ಅಲ್ಲಿಂದ ಜಗಳ ಶುರು. ಒಬ್ಬರು "ನಡುವೆ ರೊಕ್ಕ ನುಂಗ್ಯಾರ" ಅನ್ನುತ್ತಾರೆ. ಇನ್ನೊಬ್ಬರು "ಕಂಪ್ಯೂಟರ್ ತಪ್ಪು ಲೆಕ್ಕ ಮಾಡಂಗಿಲ್ಲ, ನಿಂದ ತಪ್ಪೈತಿ" ಅನ್ನುತ್ತಾರೆ.

ನನ್ನ ಪ್ರಕಾರ ಇಬ್ಬರದೂ ಅವಸರದ ಮಾತು. ಆ ಚಿಕ್ಕ ಕೋಷ್ಟಕ ಬಹುಪಾಲು ಎಕ್ಸೆಲ್‌ನ ಪಿವೋಟ್ ಟೇಬಲ್ ಆಗಿರುತ್ತದೆ. ಅದರ ಮೊತ್ತ ಮೂಲ ಪಟ್ಟಿಗೆ ತಾಳೆಯಾಗದೆ ಹೋಗಲು ಬೆರಳೆಣಿಕೆಯ ಕಾರಣಗಳಿವೆ, ಮತ್ತು ಒಂದೊಂದು ಕಾರಣವೂ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಆ ಗುರುತುಗಳನ್ನು ಹುಡುಕಲು ಫೈಲ್ ಬೇಕು, ಫೋಟೋ ಸಾಲದು. ಆದ್ದರಿಂದ ಊರಿನವರು ಕೇಳಬೇಕಾದದ್ದು "ಯಾರು ತಿಂದರು" ಎಂದಲ್ಲ, "ಫೈಲ್ ಕೊಡಿ" ಎಂದು.

ಪಿವೋಟ್ ಟೇಬಲ್ ಅಂದರೆ ಏನು

ಎಪಿಎಂಸಿಯಲ್ಲಿ ದಿನವಿಡೀ ಬರೆದ ಚೀಟಿಗಳು ಒಂದು ಡಬ್ಬಿಯಲ್ಲಿವೆ ಎಂದುಕೊಳ್ಳಿ. ಸಂಜೆ ಅವನ್ನೆಲ್ಲ ತೆಗೆದು ಊರಿಗೊಂದು ಗುಡ್ಡೆ ಮಾಡುತ್ತೀರಿ. ಪ್ರತಿ ಗುಡ್ಡೆಯ ಮೊತ್ತ ಕೂಡಿಸಿ, ಕೊನೆಗೆ ಎಲ್ಲ ಗುಡ್ಡೆಗಳ ಮೊತ್ತ ಬರೆಯುತ್ತೀರಿ. ಪಿವೋಟ್ ಟೇಬಲ್ ಮಾಡುವುದು ಇಷ್ಟೇ ಕೆಲಸ. ಚೀಟಿಗಳೇ ಮೂಲ ಪಟ್ಟಿ. ಗುಡ್ಡೆಗಳ ಹೆಸರು ಎಡಗಡೆ `Row Labels` ಅಡಿಯಲ್ಲಿ ಬರುತ್ತವೆ, ಎಲ್ಲದರ ಮೊತ್ತ ಕೆಳಗೆ `Grand Total` ಎಂದು ಬರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಪಿವೋಟ್ ಟೇಬಲ್ ಮೂಲ ಪಟ್ಟಿಯನ್ನು ಸದಾ ನೋಡುತ್ತ ಕೂರುವುದಿಲ್ಲ. ಮಾಡಿದ ಹೊತ್ತಿಗೆ ಪಟ್ಟಿಯ ಒಂದು ನಕಲನ್ನು ಒಳಗೆ ತೆಗೆದಿಟ್ಟುಕೊಂಡು, ಆ ನಕಲಿನ ಮೇಲೆ ಲೆಕ್ಕ ಮಾಡುತ್ತದೆ. ಆಮೇಲೆ ನೀವು ಪಟ್ಟಿಯಲ್ಲಿ ಏನು ತಿದ್ದಿದರೂ, ಕೋಷ್ಟಕದ ಮೇಲೆ ರೈಟ್ ಕ್ಲಿಕ್ ಮಾಡಿ `Refresh` ಒತ್ತುವವರೆಗೆ ಅದಕ್ಕೆ ಗೊತ್ತಾಗುವುದಿಲ್ಲ. ಸಾಮಾನ್ಯ ಕೂಡಿಸುವ ಸೂತ್ರ ಹಾಗಲ್ಲ, ತಿದ್ದಿದ ಕೂಡಲೇ ಬದಲಾಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದವರು ಬೆಳಿಗ್ಗೆಯ ಕೋಷ್ಟಕವನ್ನು ಸಂಜೆಯ ಪಟ್ಟಿಯ ಜೊತೆಗಿಟ್ಟು ಫೋಟೋ ಹೊಡೆದು ಕಳಿಸುತ್ತಾರೆ.

ಒಂದು ಸಣ್ಣ ಪಟ್ಟಿ ಹಿಡಿದು ನೋಡೋಣ

ಕೆಳಗಿನ ಪಟ್ಟಿಯನ್ನು ಉದಾಹರಣೆಗಾಗಿ ನಾನೇ ಮಾಡಿದ್ದೇನೆ. ಅಂಕಿಗಳು ಯಾವ ಕಚೇರಿಯವೂ ಅಲ್ಲ. ಹನ್ನೆರಡು ರೈತರು, ಎರಡು ತಾಲೂಕು, ಒಂದೊಂದು ಮೊತ್ತ. ಹೇಗೆ ಟೈಪ್ ಆಗಿದೆಯೋ ಹಾಗೆಯೇ ಕೊಟ್ಟಿದ್ದೇನೆ.

1. ತಿಕೋಟಾ – 8000
2. ಬಬಲೇಶ್ವರ – 10000
3. ತಿಕೋಟಾ – 12000
4. ತಿಕೋಟ – 9000
5. ಬಬಲೇಶ್ವರ – 6000
6. ಬಬಲೇಶ್ವರ – 11000/-
7. ತಿಕೋಟಾ – 7000
8. ಬಬಲೇಶ್ವರ – 14000
9. ತಿಕೋಟಾ – 5000
10. ಬಬಲೇಶ್ವರ – 8000
11. ತಿಕೋಟಾ – 10000
12. ತಿಕೋಟಾ – 15000

ಕ್ಯಾಲ್ಕುಲೇಟರಿನಲ್ಲಿ ಕೂಡಿಸಿದರೆ 1,15,000 ರೂಪಾಯಿ. ಅದರಲ್ಲಿ ತಿಕೋಟಾದ್ದು 66,000, ಬಬಲೇಶ್ವರದ್ದು 49,000. ಈಗ ಗ್ರೂಪಿಗೆ ಬಂದ ಚಿಕ್ಕ ಕೋಷ್ಟಕ ಹೀಗಿದೆ ಎಂದುಕೊಳ್ಳಿ:

ತಿಕೋಟ – 9,000
ತಿಕೋಟಾ – 32,000
ಬಬಲೇಶ್ವರ – 38,000
`Grand Total` – 79,000

ಒಟ್ಟಿನಲ್ಲಿ 36,000 ರೂಪಾಯಿ ಕಾಣಿಸುತ್ತಿಲ್ಲ. ತಿಕೋಟಾದವರು ನೋಡಿದರೆ ತಮಗೆ ಬರಬೇಕಾದ 66,000ದಲ್ಲಿ ಅರ್ಧವೂ ಇಲ್ಲ. ಗ್ರೂಪಿನಲ್ಲಿ ಗದ್ದಲ ಏಳಲು ಇಷ್ಟು ಸಾಕು. ಆದರೆ ಈ ಕೋಷ್ಟಕದಲ್ಲಿ ಯಾರೂ ಏನನ್ನೂ ಕದ್ದಿಲ್ಲ. ಮೂರು ಬೇರೆ ಬೇರೆ ತಪ್ಪುಗಳು ಒಂದರ ಮೇಲೊಂದು ಕೂತಿವೆ. ಒಂದೊಂದನ್ನೇ ಬಿಡಿಸೋಣ.

ಮೊದಲು ರೊಕ್ಕ ಬಿಡಿ, ಚೀಟಿ ಎಣಿಸಿ

ವ್ಯತ್ಯಾಸ ಕಂಡ ಕೂಡಲೇ ಎಲ್ಲರೂ ರೂಪಾಯಿ ಹಿಂದೆ ಬೀಳುತ್ತಾರೆ. ಮೊದಲು ನೋಡಬೇಕಾದದ್ದು ಎಷ್ಟು ಸಾಲುಗಳು ಕೋಷ್ಟಕದೊಳಗೆ ಹೋಗಿವೆ ಎಂಬುದು. ಫೈಲ್ ಕೈಯಲ್ಲಿದ್ದರೆ ಕೋಷ್ಟಕದ ಮೊತ್ತದ ಮೇಲೆ ರೈಟ್ ಕ್ಲಿಕ್ ಮಾಡಿ `Summarize Values By` ಒತ್ತಿ `Count` ಆರಿಸಿ. ಈಗ ರೂಪಾಯಿ ಹೋಗಿ ಸಾಲುಗಳ ಎಣಿಕೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 10 ಎಂದು ತೋರಿಸುತ್ತದೆ. ಪಟ್ಟಿಯಲ್ಲಿ 12 ಜನ ಇದ್ದಾರೆ. ಎರಡು ಸಾಲು ಹೊರಗೆ ಉಳಿದಿವೆ.

ಯಾವ ಎರಡು? `PivotTable Analyze` ಎಂಬಲ್ಲಿ `Change Data Source` ಒತ್ತಿದರೆ ಕೋಷ್ಟಕ ಎಲ್ಲಿಂದ ಎಲ್ಲಿಯವರೆಗೆ ಓದುತ್ತಿದೆ ಎಂದು ಕಾಣುತ್ತದೆ:

```
Sheet1!$A$1:$D$11
```

ಮೊದಲ ಸಾಲು ತಲೆಬರಹ. ಆದ್ದರಿಂದ 11ನೇ ಸಾಲಿನವರೆಗೆ ಎಂದರೆ ಹತ್ತು ರೈತರು. ಕೋಷ್ಟಕ ಮಾಡಿದ ಮೇಲೆ ಪಟ್ಟಿಯ ಕೆಳಗೆ ಇನ್ನಿಬ್ಬರ ಹೆಸರು ಸೇರಿದೆ, ಬೇಲಿ ಮಾತ್ರ ಹಳೆಯ ಜಾಗದಲ್ಲೇ ನಿಂತಿದೆ. ಪಟ್ಟಿಯ ನಡುವೆ ಸಾಲು ತೂರಿಸಿದರೆ ಬೇಲಿ ತಾನೇ ಹಿಗ್ಗುತ್ತದೆ. ಕೊನೆಗೆ ಸೇರಿಸಿದರೆ ಹಿಗ್ಗುವುದಿಲ್ಲ. ತಡವಾಗಿ ಅರ್ಜಿ ಕೊಟ್ಟವರು, ಎರಡನೇ ಸರ್ವೆಯಲ್ಲಿ ಸೇರಿದವರು ಪಟ್ಟಿಯ ಕೊನೆಗೇ ಬರುತ್ತಾರಲ್ಲ, ಅವರೇ ಹೀಗೆ ಬಿಟ್ಟುಹೋಗುವವರು. ಇಲ್ಲಿ ಬಿಟ್ಟುಹೋದ ಇಬ್ಬರ ಮೊತ್ತ 25,000.

ಇದಕ್ಕೆ ಮದ್ದು ಸುಲಭ. ಪಟ್ಟಿಯೊಳಗೆ ಕ್ಲಿಕ್ ಮಾಡಿ `Ctrl+T` ಒತ್ತಿ ಅದನ್ನು ಟೇಬಲ್ ಮಾಡಿ, ಪಿವೋಟ್‌ಗೆ ಆ ಟೇಬಲಿನ ಹೆಸರನ್ನೇ ಕೊಡಬೇಕು. ಆಮೇಲೆ ಎಷ್ಟು ಸಾಲು ಕೆಳಗೆ ಸೇರಿದರೂ ಬೇಲಿ ಜೊತೆಗೇ ಹೋಗುತ್ತದೆ. ಆದರೂ `Refresh` ಒತ್ತುವುದು ತಪ್ಪುವುದಿಲ್ಲ.

ತಾಳೆಯಾಯಿತು ಅನ್ನುವಾಗಲೇ ಎಚ್ಚರ

ಈಗ ಬೇಲಿ ಸರಿಮಾಡಿ `Refresh` ಒತ್ತಿದಿರಿ. `Grand Total` 1,04,000 ಎಂದು ಬಂತು. ಮೂಲ ಪಟ್ಟಿಯ ಕೆಳಗೆ ಕೂಡಿಸುವ ಸೂತ್ರ ಹಾಕಿ ನೋಡಿದಿರಿ:

```
=SUM(D2:D13)
```

ಅಲ್ಲಿಯೂ 1,04,000. ಎರಡೂ ಒಂದೇ! ಬಹಳ ಜನ ಇಲ್ಲಿಗೇ ನಿಲ್ಲಿಸಿ "ಕಂಪ್ಯೂಟರಿನಾಗ ತಾಳೆ ಆಗೈತಿ, ಕ್ಯಾಲ್ಕುಲೇಟರ್‌ದವ ಹೆಚ್ಚು ಒತ್ತ್ಯಾನ" ಅನ್ನುತ್ತಾರೆ. ಆದರೆ ಕ್ಯಾಲ್ಕುಲೇಟರಿನವರ 1,15,000ವೇ ಸರಿ.

ಆರನೇ ಸಾಲು ನೋಡಿ. ಅಲ್ಲಿ 11000 ಆದಮೇಲೆ ಚೆಕ್ಕಿನಲ್ಲಿ ಬರೆಯುವ ಹಾಗೆ ಗೀಟು ಮತ್ತು ಅಡ್ಡಗೆರೆ ಇದೆ. ನಮ್ಮ ಕಣ್ಣಿಗೆ ಅದು ಹನ್ನೊಂದು ಸಾವಿರ. ಎಕ್ಸೆಲ್‌ಗೆ ಅದು ಅಂಕಿಯೇ ಅಲ್ಲ, ಹೆಸರಿನ ಹಾಗೆ ಒಂದು ಬರಹ. ಪಿವೋಟ್ ಅದನ್ನು ಎಣಿಸುವಾಗ ಒಂದು ಸಾಲು ಎಂದು ಎಣಿಸುತ್ತದೆ, ಕೂಡಿಸುವಾಗ ಸೊನ್ನೆ ಎಂದು ಹಿಡಿಯುತ್ತದೆ. `SUM` ಸೂತ್ರವೂ ಅದನ್ನು ಹಾರಿ ಮುಂದೆ ಹೋಗುತ್ತದೆ. ಎರಡೂ ಒಂದೇ ಕಡೆ ಎಡವಿದ್ದರಿಂದ ತಾಳೆಯಾಯಿತು. ಆ ರೈತನ ಪಾಲಿಗೆ ಮಾತ್ರ ಮೊತ್ತ ಸೊನ್ನೆಯಾಯಿತು.

ಇದನ್ನು ಹಿಡಿಯಲು ಎರಡು ಪುಟ್ಟ ಸೂತ್ರ ಸಾಕು:

```
=COUNTA(D2:D13)
=COUNT(D2:D13)
```

ಮೊದಲನೆಯದು ಏನಾದರೂ ಬರೆದಿರುವ ಮನೆಗಳನ್ನೆಲ್ಲ ಎಣಿಸುತ್ತದೆ. ಎರಡನೆಯದು ನಿಜವಾದ ಅಂಕಿ ಇರುವ ಮನೆಗಳನ್ನು ಮಾತ್ರ ಎಣಿಸುತ್ತದೆ. ನಮ್ಮಲ್ಲಿ 12 ಮತ್ತು 11 ಬರುತ್ತದೆ. ಅಂದರೆ ಒಂದು ಮನೆಯಲ್ಲಿ ಅಂಕಿಯ ವೇಷ ಹಾಕಿಕೊಂಡ ಬರಹ ಕೂತಿದೆ. ಕಣ್ಣಿಗೂ ಒಂದು ಗುರುತು ಸಿಗುತ್ತದೆ. ಯಾರೂ ಕೈಹಾಕದೆ ಬಿಟ್ಟ ಹಾಳೆಯಲ್ಲಿ ಅಂಕಿಗಳು ಮನೆಯ ಬಲಗಡೆಗೆ ಒರಗಿರುತ್ತವೆ, ಬರಹ ಎಡಗಡೆಗೆ ಒರಗಿರುತ್ತದೆ. ಎಲ್ಲ ಬಲಕ್ಕಿದ್ದು ಒಂದೇ ಒಂದು ಎಡಕ್ಕಿದ್ದರೆ ಅದೇ ಕಳ್ಳ. ಹಾಳೆಯನ್ನು ಯಾರಾದರೂ ನಡುವಿಗೆ ಜೋಡಿಸಿದ್ದರೆ ಈ ಗುರುತು ಅಳಿಸಿಹೋಗಿರುತ್ತದೆ, ಆಗ ಸೂತ್ರವೇ ಗತಿ.

ಗೀಟು, ಅಡ್ಡಗೆರೆಯನ್ನು `Ctrl+H` ಒತ್ತಿ ಹುಡುಕಿ ತೆಗೆದುಹಾಕಿದರೆ ಆ ಮನೆ ಅಂಕಿಯಾಗುತ್ತದೆ. `Refresh` ಒತ್ತಿದರೆ `Grand Total` ಈಗ 1,15,000. ಮೊದಲು ಕಳೆದುಹೋಗಿದ್ದ 36,000ದ ಲೆಕ್ಕ ಪೂರ್ತಿ ಸಿಕ್ಕಿತು: ಬೇಲಿಯ ಹೊರಗಿದ್ದ ಇಬ್ಬರ 25,000, ಬರಹವಾಗಿದ್ದ ಒಬ್ಬರ 11,000.

ಹೆಸರಿನಲ್ಲಿ ಏನಿದೆ ಅನ್ನಬೇಡಿ

ಒಟ್ಟು ಮೊತ್ತ ಸರಿಯಾದರೂ ತಿಕೋಟಾದವರ ಜಗಳ ಮುಗಿದಿಲ್ಲ. ಅವರ ಸಾಲಿನಲ್ಲಿ 66,000 ಇರಬೇಕು, 57,000 ಇದೆ. ಉಳಿದ 9,000 "ತಿಕೋಟ" ಎಂಬ ಬೇರೆ ಸಾಲಿನಲ್ಲಿ ಕೂತಿದೆ. ಟೈಪ್ ಮಾಡಿದವರು ಒಮ್ಮೆ ದೀರ್ಘ ಹಾಕಿದ್ದಾರೆ, ಒಮ್ಮೆ ಬಿಟ್ಟಿದ್ದಾರೆ. ನಮಗೆ ಒಂದೇ ಊರು, ಎಕ್ಸೆಲ್‌ಗೆ ಎರಡು ಊರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೂ ಇದೇ ಪಾಡು: `Tikota` ಒಂದು ಗುಡ್ಡೆ, `Tikote` ಇನ್ನೊಂದು ಗುಡ್ಡೆ. ತಾಲೂಕಿನ ಮನೆ ಖಾಲಿ ಬಿಟ್ಟಿದ್ದರೆ `(blank)` ಎಂಬ ಮತ್ತೊಂದು ಗುಡ್ಡೆ.

ಈ ತಪ್ಪಿನ ಗುರುತು ಏನೆಂದರೆ ಒಟ್ಟು ಮೊತ್ತ ಕೆಡುವುದಿಲ್ಲ, ಒಳಗಿನ ಪಾಲು ಮಾತ್ರ ಕೆಡುತ್ತದೆ. ಒಟ್ಟು ಕೆಟ್ಟಿದ್ದರೆ ಸಾಲು ಬಿಟ್ಟಿದೆ ಅಥವಾ ಅಂಕಿ ಬರಹವಾಗಿದೆ ಎಂದು ಹುಡುಕಿ. ಒಟ್ಟು ಸರಿಯಿದ್ದು ಒಂದು ತಾಲೂಕಿಗೆ ಕಡಿಮೆ ಬಂದಿದ್ದರೆ ಹೆಸರುಗಳನ್ನು ಹುಡುಕಿ.

ಆದರೆ ಇದರಲ್ಲೊಂದು ಅಪಾಯವಿದೆ. ವರದಿ ಚೆಂದ ಕಾಣಲಿ ಎಂದು ಯಾರಾದರೂ ಆ ಬೇಡದ "ತಿಕೋಟ" ಸಾಲನ್ನು ಫಿಲ್ಟರ್‌ನಲ್ಲಿ ಟಿಕ್ ತೆಗೆದು ಮರೆಮಾಡಿದರೆ, ಪಿವೋಟ್ ಆ 9,000ವನ್ನು ಒಟ್ಟು ಮೊತ್ತದಿಂದಲೂ ಕಳೆದುಬಿಡುತ್ತದೆ. ಆಗ ಚಿತ್ರದಲ್ಲಿ ಎರಡೇ ತಾಲೂಕು, ಅಚ್ಚುಕಟ್ಟಾದ ಕೋಷ್ಟಕ, ತಪ್ಪಾದ ಒಟ್ಟು. `Row Labels` ಪಕ್ಕದ ಚಿಕ್ಕ ಬಾಣದ ಜಾಗದಲ್ಲಿ ಲಾಳಿಕೆಯ ಗುರುತು ಕಾಣುತ್ತಿದ್ದರೆ ಏನೋ ಮರೆಯಾಗಿದೆ ಎಂದೇ ಅರ್ಥ. ಫೋಟೋದಲ್ಲಿಯೂ ಕಾಣುವ ಗುರುತು ಇದು, ಝೂಮ್ ಮಾಡಿ ನೋಡಿ.

ನಮ್ಮ ಜಿಲ್ಲೆಯಲ್ಲಿ ಹೆಸರಿನ ಗೊಂದಲಕ್ಕೆ ಬೇರೆ ಕಾರಣಗಳೂ ಇವೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಹಳೆಯ ಕಡತಗಳಿಂದ ಎತ್ತಿ ಅಂಟಿಸಿದ ಸಾಲುಗಳಲ್ಲಿ ಹಳೆಯ ಹೆಸರು, ಹೊಸದಾಗಿ ಟೈಪ್ ಮಾಡಿದವುಗಳಲ್ಲಿ ಹೊಸ ಹೆಸರು ಇದ್ದರೆ ಎರಡು ಗುಡ್ಡೆ ಆಗುತ್ತವೆ. ತಿಕೋಟಾ ಮತ್ತು ಬಬಲೇಶ್ವರ ಹೊಸ ತಾಲೂಕುಗಳು. ಅದಕ್ಕೆ ಮೊದಲಿನ ದಾಖಲೆಗಳಲ್ಲಿ ಈ ಊರುಗಳು ವಿಜಯಪುರ ತಾಲೂಕಿನ ಅಡಿಯಲ್ಲೇ ಸಿಗುತ್ತವೆ. ಹಳೆಯ ವರ್ಷದ ಜೊತೆ ಹೊಸ ವರ್ಷ ಹೋಲಿಸುವ ಕೋಷ್ಟಕದಲ್ಲಿ ವಿಜಯಪುರ ತಾಲೂಕು ದಿಢೀರನೆ ಕುಸಿದಂತೆ ಕಂಡರೆ ಮೊದಲು ಇದನ್ನು ನೆನಪಿಸಿಕೊಳ್ಳಿ.

ಇನ್ನೊಂದು ತೊಡಕು ಬಬಲೇಶ್ವರ ಎಂಬ ಹೆಸರಿನದೇ. ಬಬಲೇಶ್ವರ ಒಂದು ತಾಲೂಕೂ ಹೌದು, ಒಂದು ವಿಧಾನಸಭಾ ಕ್ಷೇತ್ರವೂ ಹೌದು. ತಿಕೋಟಾ ಆ ಕ್ಷೇತ್ರದೊಳಗೇ ಬರುತ್ತದೆ. ಕ್ಷೇತ್ರವಾರು ಮಾಡಿದ ಕೋಷ್ಟಕವನ್ನು ತಾಲೂಕುವಾರು ಎಂದು ಓದಿದರೆ ಬಬಲೇಶ್ವರಕ್ಕೆ ಸಿಕ್ಕಾಪಟ್ಟೆ ಬಂದಂತೆಯೂ ತಿಕೋಟಾಕ್ಕೆ ಏನೂ ಇಲ್ಲದಂತೆಯೂ ಕಾಣುತ್ತದೆ. ಚಿತ್ರದ ಮೇಲ್ಭಾಗ ಕತ್ತರಿಸಿಹೋಗಿದ್ದರೆ ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ.

ಎಕರೆ-ಗುಂಟೆಯ ಪಟ್ಟಿ ಬಂದರೆ

ರೂಪಾಯಿ ಬದಲು ಜಮೀನಿನ ವಿಸ್ತೀರ್ಣ ಕೂಡಿಸಿದ ಕೋಷ್ಟಕಗಳಲ್ಲಿ ಇನ್ನೂ ಸೂಕ್ಷ್ಮವಾದ ತಪ್ಪು ಇರುತ್ತದೆ. ಉತಾರದಲ್ಲಿ ಒಂದು ಎಕರೆ ಮೂವತ್ತು ಗುಂಟೆ ಇದ್ದದ್ದನ್ನು ಹಾಳೆಯಲ್ಲಿ 1.30 ಎಂದು ಬರೆಯುತ್ತಾರೆ. ಎರಡು ಎಕರೆ ಇಪ್ಪತ್ತು ಗುಂಟೆ 2.20 ಆಗುತ್ತದೆ. ಎಕ್ಸೆಲ್ ಇವೆರಡನ್ನು ಕೂಡಿಸಿ 3.50 ಅನ್ನುತ್ತದೆ. ಹೊಲದಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ, 40 ಗುಂಟೆಗೆ ಒಂದು ಎಕರೆ. 30 ಮತ್ತು 20 ಸೇರಿ 50 ಗುಂಟೆ, ಅಂದರೆ ಒಂದು ಎಕರೆ ಹತ್ತು ಗುಂಟೆ. ಒಟ್ಟು ನಾಲ್ಕು ಎಕರೆ ಹತ್ತು ಗುಂಟೆ ಆಗಬೇಕಿತ್ತು.

ಇಲ್ಲಿ ಪಿವೋಟ್ ಮತ್ತು ಮೂಲ ಪಟ್ಟಿ ಎರಡೂ 3.50 ಎಂದೇ ಹೇಳುತ್ತವೆ. ತಾಳೆಯಾಗುತ್ತದೆ, ಆದರೂ ತಪ್ಪು. ಗುರುತು ಹಿಡಿಯುವುದು ಹೀಗೆ: ವಿಸ್ತೀರ್ಣದ ಕಂಬದಲ್ಲಿ ಕಣ್ಣಾಡಿಸಿ. ಬಿಡಿ ರೈತರ ಸಾಲುಗಳಲ್ಲಿ ಚುಕ್ಕೆಯ ನಂತರದ ಅಂಕಿ ಎಲ್ಲಿಯೂ 39 ದಾಟದಿದ್ದರೆ ಅದು ಗುಂಟೆ. ಆದರೆ ಒಟ್ಟು ಮೊತ್ತದಲ್ಲಿ .50, .75, .90 ಕಂಡರೆ ಯಾರೋ ಗುಂಟೆಯನ್ನು ಪೈಸೆಯಂತೆ ಕೂಡಿಸಿದ್ದಾರೆ. ಸರಿಪಡಿಸಲು ಪಕ್ಕದ ಕಂಬದಲ್ಲಿ ಪ್ರತಿ ಸಾಲಿಗೂ ಹೀಗೆ ಪರಿವರ್ತಿಸಿ, ಆ ಹೊಸ ಕಂಬವನ್ನೇ ಪಿವೋಟ್‌ಗೆ ಕೊಡಬೇಕು:

```
=INT(E2)+(E2-INT(E2))*100/40
```

1.30 ಇದ್ದದ್ದು 1.75 ಆಗುತ್ತದೆ, 2.20 ಇದ್ದದ್ದು 2.5 ಆಗುತ್ತದೆ, ಒಟ್ಟು 4.25 ಎಕರೆ. ಅದೇ ನಾಲ್ಕು ಎಕರೆ ಹತ್ತು ಗುಂಟೆ. ಹಾಳೆಯಲ್ಲಿ 1.30 ಎಂದು ಟೈಪ್ ಮಾಡಿದರೆ ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 1.3 ಎಂದು ತೋರಿಸುತ್ತದೆ. ಅದು ಮೂರು ಗುಂಟೆ ಅಲ್ಲ, ಮೂವತ್ತೇ. ಮೂರು ಗುಂಟೆ ಇದ್ದರೆ 1.03 ಎಂದಿರುತ್ತದೆ.

ಫೋಟೋ ಮಾತ್ರ ಇದ್ದರೆ

ಬಹಳ ಸಲ ನಮಗೆ ಸಿಗುವುದು ಫೋಟೋ ಒಂದೇ. ಅದರಲ್ಲಿ ನೋಡಬಹುದಾದದ್ದು ಕಡಿಮೆ, ಆದರೆ ಇಲ್ಲವೆಂದಲ್ಲ. ಒಂದೇ ಊರಿನ ಹೆಸರು ಎರಡು ಸಾಲಿನಲ್ಲಿದೆಯೇ, ಲಾಳಿಕೆ ಗುರುತು ಇದೆಯೇ ಎಂದು ನೋಡಿ. ಕಂಬದ ತಲೆಬರಹ ಓದಿ. ಅಲ್ಲಿ `Sum of` ಎಂದಿದ್ದರೆ ಕೂಡಿಸಿದ್ದು, `Count of` ಎಂದಿದ್ದರೆ ಎಣಿಸಿದ್ದು. ಕಂಬದಲ್ಲಿ ನಮ್ಮ ಆರನೇ ಸಾಲಿನಂಥ ಬರಹ ಸೇರಿದ್ದರೆ ಎಕ್ಸೆಲ್ ಕೂಡಿಸುವ ಬದಲು ತಾನೇ ಎಣಿಸಲು ಶುರುಮಾಡುತ್ತದೆ. ಆಗ ರೈತರ ಸಂಖ್ಯೆಯನ್ನೇ ರೂಪಾಯಿ ಎಂದು ಓದುವ ಅಪಾಯವಿದೆ.

ಕೊನೆಯದಾಗಿ, ಚಿತ್ರದಲ್ಲಿ ಕಾಣುವ ಸಾಲುಗಳನ್ನು ನೀವೇ ಕೂಡಿಸಿ. ಕೂಡಿಸುವ ಪಿವೋಟ್‌ನಲ್ಲಿ ಕಾಣುವ ಸಾಲುಗಳ ಮೊತ್ತ ಕೆಳಗಿನ `Grand Total`ಗೆ ಸಮವಾಗಿಯೇ ಇರುತ್ತದೆ. ಲಕ್ಷಕ್ಕೆ ಪೂರ್ಣಾಂಕ ಮಾಡಿದ ಅಂಕಿಗಳಲ್ಲಿ ಒಂದೆರಡರ ವ್ಯತ್ಯಾಸ ಬರಬಹುದು. ಅದಕ್ಕಿಂತ ದೊಡ್ಡ ವ್ಯತ್ಯಾಸ ಇದ್ದರೆ ಚಿತ್ರದಲ್ಲಿ ಕೆಲವು ಸಾಲು ಕತ್ತರಿಸಿದ್ದಾರೆ, ಇಲ್ಲವೇ ಚಿತ್ರವನ್ನೇ ತಿದ್ದಿದ್ದಾರೆ. ಅಂಥ ಚಿತ್ರವನ್ನು ಮುಂದಕ್ಕೆ ಕಳಿಸಬೇಡಿ.

ಎಲ್ಲ ವ್ಯತ್ಯಾಸವೂ ಎಕ್ಸೆಲ್‌ನದೇ ಎಂದೂ ತಿಳಿಯಬೇಡಿ. ನಿಯಮದಿಂದಲೂ ಮೊತ್ತ ಬದಲಾಗುತ್ತದೆ. 2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರಿಗೆ. ಮೂರು ಹೆಕ್ಟೇರ್ ತೊಗರಿ ಹಾಳಾದವನ ಹಾನಿಯನ್ನು ಅದೇ ದರದಲ್ಲಿ ಗುಣಿಸಿದರೆ 25,500 ಬರುತ್ತದೆ, ಈ ಮಾನದಂಡದಂತೆ ಸಿಗುವುದು 17,000. ಒಂದು ಕೋಷ್ಟಕ ಹಾನಿಯ ವಿಸ್ತೀರ್ಣದಿಂದಲೂ ಇನ್ನೊಂದು ಪಾವತಿಯಿಂದಲೂ ಮಾಡಿದ್ದರೆ ಅವು ತಾಳೆಯಾಗಲೇಬಾರದು. ಹಾಗಾಗಿ ಎರಡು ಚಿತ್ರ ಹೋಲಿಸುವ ಮೊದಲು ಎರಡೂ ಒಂದೇ ವಿಷಯದ ಮೇಲಿವೆಯೇ ಎಂದು ಕೇಳಬೇಕು.

ಫೈಲ್ ಯಾಕೆ ಬೇಕು

ಫೈಲ್ ಇದ್ದರೆ ಕೋಷ್ಟಕದ ಯಾವ ಮೊತ್ತದ ಮೇಲಾದರೂ ಎರಡು ಸಲ ಒತ್ತಿದರೆ, ಆ ಮೊತ್ತ ಆದದ್ದು ಯಾವ ಯಾವ ಸಾಲುಗಳಿಂದ ಎಂದು ಎಕ್ಸೆಲ್ ಹೊಸ ಹಾಳೆಯಲ್ಲಿ ತೆರೆದಿಡುತ್ತದೆ. ನಮ್ಮ ಉದಾಹರಣೆಯ ಮೊದಲ ಕೋಷ್ಟಕದಲ್ಲಿ ತಿಕೋಟಾದ 32,000ದ ಮೇಲೆ ಒತ್ತಿದರೆ ನಾಲ್ಕೇ ಹೆಸರು ಬರುತ್ತವೆ. ಯಾರ ಹೆಸರು ಬಿಟ್ಟಿದೆ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ, ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಫೈಲ್ ಕೇಳಿದ್ದರಿಂದ ದೊಡ್ಡವರ ತಪ್ಪು ಹೊರಬಿದ್ದ ಉದಾಹರಣೆ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರಗಳು ಖರ್ಚು ಕಡಿತ ಮಾಡಬೇಕು ಎನ್ನುವವರು ಅದನ್ನು ಎತ್ತಿ ತೋರಿಸುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆ ಲೆಕ್ಕ ತಾನೂ ಮಾಡಿ ನೋಡಿದ, ತಾಳೆಯಾಗಲಿಲ್ಲ. ಅವರಿಗೆ ಬರೆದು ಮೂಲ ಎಕ್ಸೆಲ್ ಫೈಲ್ ಕೇಳಿದ, ಅವರು ಕೊಟ್ಟರು. ಸರಾಸರಿಯ ಸೂತ್ರ 49ನೇ ಸಾಲಿನವರೆಗೆ ಹೋಗಬೇಕಾದದ್ದು 44ಕ್ಕೇ ನಿಂತಿತ್ತು, ಐದು ದೇಶಗಳು ಬೇಲಿಯ ಹೊರಗಿದ್ದವು. 2013ರಲ್ಲಿ ಇದು ಸುದ್ದಿಯಾಯಿತು. ಆ ಪ್ರಬಂಧದ ಮೇಲೆ ಬೇರೆ ಆಕ್ಷೇಪಗಳೂ ಇದ್ದವು, ಆದರೆ ಈ ತಪ್ಪನ್ನು ಲೇಖಕರೇ ಒಪ್ಪಿಕೊಂಡರು. ಅಚ್ಚಾದ ಕೋಷ್ಟಕವನ್ನು ಎಷ್ಟು ದಿಟ್ಟಿಸಿದರೂ ಅದು ಸಿಗುತ್ತಿರಲಿಲ್ಲ. ನಮ್ಮ ಉದಾಹರಣೆಯ 11 ಮತ್ತು 12ನೇ ರೈತರ ಕಥೆಯೂ ಇದೇ.

ಕೇಳುವುದು ಹೇಗೆ, ಕೊಡುವುದು ಹೇಗೆ

ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮಿನ ಪ್ರಕಾರ, ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿಯೇ ಪಡೆಯುವ ಹಕ್ಕು ನಮಗಿದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಸುತ್ತಿ ಬಳಸಿ ಬರೆಯದೆ ನೇರವಾಗಿ ಕೇಳಿ: ಇಂಥ ದಿನಾಂಕದ ಇಂಥ ಕೋಷ್ಟಕ ತಯಾರಿಸಲು ಬಳಸಿದ ಮೂಲ ಪಟ್ಟಿಯನ್ನು ಎಕ್ಸೆಲ್ ರೂಪದಲ್ಲಿ ಕೊಡಿ, ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಯ ಕಂಬಗಳನ್ನು ತೆಗೆದು ಕೊಡಿ. ಕೊನೆಯ ಮಾತು ಸೇರಿಸುವುದು ಮರೆಯಬೇಡಿ. ಪಕ್ಕದ ಮನೆಯವರ ಖಾತೆ ನಂಬರು ಊರಿಗೆಲ್ಲ ಹಂಚುವುದು ನಮಗೂ ಬೇಡ, ಅದನ್ನೇ ನೆಪ ಮಾಡಿ ಅರ್ಜಿ ತಿರಸ್ಕರಿಸಲು ಅವರಿಗೂ ದಾರಿ ಬೇಡ.

ಕಚೇರಿಗಳಿಗೂ ಒಂದು ಮಾತು. ಮೂಲ ಹಾಳೆ ಅಳಿಸಿ ಪಿವೋಟ್ ಇರುವ ಫೈಲ್ ಮಾತ್ರ ಕಳಿಸಿದರೆ ಗುಟ್ಟು ಉಳಿಯಿತು ಅಂದುಕೊಳ್ಳಬೇಡಿ. ಒಳಗಿನ ನಕಲು ಸಾಮಾನ್ಯವಾಗಿ ಫೈಲಿನ ಜೊತೆಗೇ ಹೋಗುತ್ತದೆ. ಮೊತ್ತದ ಮೇಲೆ ಎರಡು ಸಲ ಒತ್ತಿದರೆ ಖಾತೆ ನಂಬರುಗಳೂ ಹೊರಬರಬಹುದು. ಆದ್ದರಿಂದ ಬೇಡದ ಕಂಬಗಳನ್ನು ತೆಗೆದುಹಾಕಿ, ಆಮೇಲೆ ಪಿವೋಟ್ ಹೊಸದಾಗಿ ಮಾಡಿ ಕಳಿಸಿ.

ತಾಲೂಕು ಕಚೇರಿಯಿಂದ ಗ್ರೂಪಿಗೆ ಕೋಷ್ಟಕದ ಚಿತ್ರ ಹಾಕಲೇಬೇಕಾದರೆ ಅದರ ಮೇಲೆ ಮೂರು ಸಾಲು ಬರೆದುಬಿಡಲಿ: ಯಾವ ದಿನದ ಪಟ್ಟಿಯಿಂದ ಮಾಡಿದ್ದು, ಎಷ್ಟು ರೈತರ ಸಾಲುಗಳು ಇದರಲ್ಲಿವೆ, ಅಂಕಿ ಹಾನಿಯದೋ ಪಾವತಿಯದೋ. ಪಟ್ಟಿಯಲ್ಲಿ 12 ಜನ, ಕೋಷ್ಟಕದಲ್ಲಿ 10 ಜನ ಎಂದು ಚಿತ್ರದ ಮೇಲೆಯೇ ಕಂಡಿದ್ದರೆ, ಬಿಟ್ಟುಹೋದ ಇಬ್ಬರು ಅವತ್ತೇ ಕಚೇರಿಗೆ ಹೋಗಿ ತಮ್ಮ ಹೆಸರು ಕೇಳುತ್ತಿದ್ದರು.